ಲ್ಯಾಬಿನ ಅಕ್ಕನ ಹೆಸರು ಕಳಿಸಿದ್ದು ಹೀಗೆ

ದಾವಣಗೆರೆ ಹೊರವಲಯದಲ್ಲಿ ಮೆಕ್ಕೆಜೋಳ ಕೊಳ್ಳುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನಿದ್ದೇನೆ. ವರ್ಷಕ್ಕೊಮ್ಮೆ ಹೆಡ್ ಆಫೀಸು ಪ್ರಶಸ್ತಿಗೆ ಹೆಸರು ಕೇಳುತ್ತದೆ. ಎರಡು ವರ್ಷದ ಹಿಂದೆ ನಮ್ಮ ಲ್ಯಾಬಿನ ಅಕ್ಕನ ಹೆಸರು ಕಳಿಸಿದ್ದೆ. ‘ಶ್ರಮಜೀವಿ, ಸದಾ ನಗುಮುಖ, ಸಂಸ್ಥೆಗೆ ಆಸ್ತಿ’ ಅಂತೆಲ್ಲ ಬರೆದಿದ್ದೆ. ಏನೂ ಆಗಲಿಲ್ಲ. ಆಮೇಲೆ ಓದಿ ನೋಡಿದರೆ, ಬೀಳ್ಕೊಡುಗೆ ಭಾಷಣದ ಹಾಗಿತ್ತು. ಅಕ್ಕನ ಹೆಸರು ತೆಗೆದು ಗೇಟಿನ ವಾಚ್‌ಮನ್ ಹೆಸರು ಹಾಕಿದರೂ ನಡೆಯುತ್ತಿತ್ತು.

ಈ ಸಲ ಮೊದಲು ನನ್ನನ್ನೇ ಕೇಳಿಕೊಂಡೆ: ಅಕ್ಕ ಮಾಡಿದ್ದರಿಂದ ಗೇಟಿನಲ್ಲಿ ಏನು ಬದಲಾಯಿತು?

ನಮ್ಮಲ್ಲಿ ತೇವಾಂಶ ನೂರಕ್ಕೆ 14 ದಾಟಿದರೆ ರೇಟು ಕಡಿತ. ಗೇಟಿನ ಮೀಟರು 13.8 ತೋರಿಸಿ ಲ್ಯಾಬಿನದು 14.5 ತೋರಿಸಿದರೆ ಜಗಳ ಶುರು. ಮತ್ತೆ ಸ್ಯಾಂಪಲ್ ತೆಗೆಯಬೇಕು, ಅಲ್ಲಿಯವರೆಗೆ ಲಾರಿ ಪಕ್ಕಕ್ಕೆ. ಈ ಸುಗ್ಗಿಯಿಂದ ಅಕ್ಕ ಒಂದು ಪದ್ಧತಿ ತಂದಳು. ಓವನ್‌ನಲ್ಲಿ ಒಣಗಿಸಿ ತೂಕ ನೋಡಿ ತೇವಾಂಶ ಖಚಿತ ಮಾಡಿದ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ದಿನಾ ಬೆಳಿಗ್ಗೆ ಎರಡೂ ಮೀಟರಿಗೆ ಅದೇ ಕಾಳು ಹಾಕಿ ನೋಡುವುದು. ವ್ಯತ್ಯಾಸ ಬಂದರೆ ಆ ಮೀಟರು ಸರಿಪಡಿಸುವ ತನಕ ಬಂದ್. ಬಿಸಿಲಲ್ಲಿ ಕಾದ ಚೀಲದ ಕಾಳನ್ನು ನೆರಳಲ್ಲಿ ಸ್ವಲ್ಪ ಹೊತ್ತು ಹರವಿ ಆಮೇಲೆ ಅಳೆಯುವುದು. ಇಷ್ಟೇ.

ಇದರ ಫಲ ತೋರಿಸಲು ಗೇಟ್ ರಿಜಿಸ್ಟರ್ ಹಿಡಿದು ಎರಡು ಸಂಜೆ ಕೂತೆ. ಹಿಂದಿನ ನವೆಂಬರಿನಲ್ಲಿ 412 ಲಾರಿ, ಮರುಪರೀಕ್ಷೆ 61. ಈ ನವೆಂಬರಿನಲ್ಲಿ 388 ಲಾರಿ, ಮರುಪರೀಕ್ಷೆ 17. ಖುಷಿಯಲ್ಲಿ ಅಕ್ಕನಿಗೆ ತೋರಿಸಿದೆ.

“ಅಲ್ಲಪ್ಪಾ, ಹೋದ ವರ್ಷ ಮಳೆ ಹಿಡ್ಕಂಡಿತ್ತು. ಹಸಿ ಮಾಲು ಬಂತು, ಜಗಳ ಜಾಸ್ತಿ ಆತು. ಮಳೆ ಕಡಿಮೆ ಆಗಿದ್ದನ್ನೂ ನನ್ ಲೆಕ್ಕಕ್ಕೆ ಹಾಕಬ್ಯಾಡ,” ಅಂದಳು.

ಮಾತು ಸರಿ ಇತ್ತು. ಜಗಳ ಹುಟ್ಟುವುದು ಗಡಿಯ ಮೇಲಿರುವ ಮಾಲಿನಲ್ಲಿ. ಹಾಗಾಗಿ ಎರಡೂ ವರ್ಷ ಮೊದಲ ಅಳತೆ 13ರಿಂದ 15ರೊಳಗೆ ಬಂದ ಲಾರಿಗಳನ್ನಷ್ಟೇ ಬೇರೆ ಎಣಿಸಿದೆ. ಹಿಂದಿನ ವರ್ಷ ಅಂಥವು 140, ಮರುಪರೀಕ್ಷೆ 44. ಈ ವರ್ಷ 131ಕ್ಕೆ 13. ನೂರಕ್ಕೆ 31 ಇದ್ದದ್ದು 10ಕ್ಕೆ ಇಳಿದಿದೆ. ಮಳೆಯ ನೆಪ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಫಾರಂನಲ್ಲಿ ಹಾಕಿದ್ದು ಈ ಅಂಕಿ, ಮೊದಲಿನದಲ್ಲ.

ಕಾಯುವ ಹೊತ್ತಿನ ಲೆಕ್ಕದಲ್ಲೂ ಒಂದು ಸಲ ಎಡವಿದೆ. ಮರುಪರೀಕ್ಷೆಗೆ ನಿಂತ ಲಾರಿಗಳ ಸರಾಸರಿ ತೆಗೆದರೆ ವಿಪರೀತ ಬಂತು. ನೋಡಿದರೆ ಒಬ್ಬ ಡ್ರೈವರ್ ಲಾರಿ ಬಿಟ್ಟು ಹರಿಹರದ ಮನೆಗೆ ಹೋಗಿ ಮರುದಿನ ಬಂದಿದ್ದ; 19 ಗಂಟೆ! ಅಂಥದ್ದೊಂದು ಸೇರಿದರೆ ಸರಾಸರಿ ಕೆಡುತ್ತದೆ. ಎಲ್ಲವನ್ನೂ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ನಟ್ಟನಡುವಿನದು ತೆಗೆದುಕೊಂಡೆ: ಎರಡು ಗಂಟೆ ನಲವತ್ತು ನಿಮಿಷ. ಇದನ್ನು ರೂಪಾಯಿಗೆ ತಿರುಗಿಸಿ ‘ಲಕ್ಷಾಂತರ ಉಳಿತಾಯ’ ಅಂತ ಬರೆಯಲು ಮ್ಯಾನೇಜರ್ ಹೇಳಿದರು. ಒಪ್ಪಲಿಲ್ಲ. ಲಾರಿ ಕಾದರೆ ದುಡ್ಡು ಹೋಗುವುದು ಮಾಲು ತಂದವರದ್ದು, ನಮ್ಮದಲ್ಲ. ಲೆಕ್ಕಪತ್ರದವರು ಒಂದು ಪ್ರಶ್ನೆ ಕೇಳಿದರೆ ಉಳಿದ ಅಂಕಿಯ ಮೇಲೂ ಅನುಮಾನ ಬರುತ್ತಿತ್ತು.

ಬರೆಯುವಾಗ ಮೊದಲ ವಾಕ್ಯದಲ್ಲೇ ಆ 31 ಮತ್ತು 10, ಎರಡನೆಯದರಲ್ಲಿ ಡಬ್ಬಿಯ ಕಾಳು. ಗುಣಗಾನದ ಪದ ಒಂದೂ ಇಲ್ಲ. ಕೊನೆಗೆ ಒಂದು ವಾರದ ಮಾತು ಸೇರಿಸಿದೆ: ಮನೆಯ ಮದುವೆಗೆಂದು ಅಕ್ಕ ಆರು ದಿನ ರಜೆ ಹಾಕಿದ್ದಳು. ಗೇಟಿನ ಹುಡುಗನಿಗೆ ಮೊದಲೇ ಕಲಿಸಿ ಹೋಗಿದ್ದಳು. ಆ ಆರು ದಿನದಲ್ಲಿ ಮರುಪರೀಕ್ಷೆ ಎರಡೇ. ಅಕ್ಕ ಇಲ್ಲದಾಗಲೂ ಕೆಲಸ ಕೆಡಲಿಲ್ಲ ಎನ್ನುವುದು ಅವಳ ವಿರುದ್ಧ ಹೋದೀತೇ ಅಂತ ಅಳುಕಿತ್ತು. ಆದರೆ ಬೆಂಗಳೂರಿನಿಂದ ಫೋನ್ ಮಾಡಿದ ಸಮಿತಿಯವರು ಅದನ್ನೇ ಹಿಡಿದು ಕೇಳಿದರು: ಇದನ್ನು ಉಳಿದ ಘಟಕಗಳಿಗೂ ಕಲಿಸಬಹುದಾ? ಬೆಳಗಿನ ಅಳತೆ ಬರೆದಿಟ್ಟ ಪುಸ್ತಕದ ಫೋಟೊ ಕೇಳಿದರು, ಕಳಿಸಿದೆ.

ಕಳಿಸುವ ಮುಂಚೆ ಕರಡನ್ನು ಅಕ್ಕನಿಗೆ ಓದಿಸಿದ್ದು ಒಳ್ಳೆಯದಾಯಿತು. ‘ಒಬ್ಬರೇ’ ಎಂಬ ಪದಕ್ಕೆ ಗೆರೆ ಎಳೆದಳು. ಕಾಳನ್ನು ನೆರಳಲ್ಲಿ ಹರವುವ ಉಪಾಯ ಹಳೆಯ ಹಮಾಲರೊಬ್ಬರದಂತೆ. ಫಾರಂನಲ್ಲಿ ಹೆಸರಿಗೆ ಒಂದೇ ಜಾಗ. ಅವರ ಹೆಸರನ್ನು ವಿವರಣೆಯೊಳಗೆ ಸೇರಿಸಿದೆ.

ಪ್ರಶಸ್ತಿ ಅಕ್ಕನಿಗೆ ಬಂತು. ಮುಂದಿನ ಸಲ ವೇ ಬ್ರಿಡ್ಜಿನ ಹುಡುಗನ ಹೆಸರು ಕಳಿಸಬೇಕೆಂದಿದ್ದೇನೆ. ಆದರೆ ತೂಕಕ್ಕೆ ಲಾರಿ ಹತ್ತಿದ ಹೊತ್ತು, ಇಳಿದ ಹೊತ್ತು ಎಲ್ಲೂ ಬರೆದಿಲ್ಲ. ಹೋದ ಸೋಮವಾರದಿಂದ ಬರೆಸುತ್ತಿದ್ದೇನೆ.