ಹಣ್ಣು ಹಂಚುವ ಬದಲು ಕೌದಿ ಹೊಲಿಯಿರಿ: ಶಾಲೆಗೂ ವೃದ್ಧಾಶ್ರಮಕ್ಕೂ ನಂಟು ಬೆಳೆಸುವುದು ಹೇಗೆ?

ಅಕ್ಟೋಬರ್ 1 ಹಿರಿಯರ ದಿನ. ಅವತ್ತು ಮಕ್ಕಳು ಸಾಲಾಗಿ ವೃದ್ಧಾಶ್ರಮಕ್ಕೆ ಬರುತ್ತಾರೆ. ಬಾಳೆಹಣ್ಣು, ಬ್ರೆಡ್ ಹಂಚುತ್ತಾರೆ. ಒಂದು ಡಾನ್ಸ್, ಒಂದು ಗುಂಪು ಫೋಟೊ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ವಾಪಸ್ ಹೋಗುವಾಗ ಮಗುವಿನ ತಲೆಯಲ್ಲಿ ಏನು ಉಳಿಯುತ್ತದೆ? 'ಪಾಪ, ಮುದುಕರು.'

ಈ 'ಪಾಪ' ಕೂಡ ಒಂದು ಪೂರ್ವಗ್ರಹವೇ. ಹಿರಿಯರು ಒಳ್ಳೆಯವರು, ಆದರೆ ಅವರ ಕೈಲಿ ಏನೂ ಆಗದು ಎಂಬ ಎಣಿಕೆ ಅದು. ಬರೀ ಭೇಟಿಯಿಂದ ಇದು ಹೋಗುವುದಿಲ್ಲ, ಕೆಲವು ಸಲ ಇನ್ನೂ ಗಟ್ಟಿಯಾಗುತ್ತದೆ. 1987ರಲ್ಲಿ ಅಮೆರಿಕದ ಕ್ಯಾರೊಲ್ ಸೀಫೆಲ್ಟ್ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಶಾಲೆ ಸೇರುವ ಮೊದಲಿನ ವಯಸ್ಸಿನ ಮಕ್ಕಳು ಒಂದು ವರ್ಷ ವಾರಕ್ಕೊಮ್ಮೆ ವೃದ್ಧರ ಆರೈಕೆ ಮನೆಗೆ ಹೋಗಿದ್ದರು. ಹೋಗದ ಮಕ್ಕಳಿಗಿಂತ ಈ ಮಕ್ಕಳಿಗೇ ವೃದ್ಧರ ಬಗ್ಗೆ ಹೆಚ್ಚು ಕೆಟ್ಟ ಅಭಿಪ್ರಾಯ ಇತ್ತು. ಅವರು ನೋಡಿದ್ದು ಬಹುಪಾಲು ಕಾಯಿಲೆ ಮತ್ತು ನಿತ್ರಾಣ. ಹಾಗಾಗಿ ಮುಪ್ಪು ಎಂದರೆ ಇಷ್ಟೇ ಎಂದುಕೊಂಡರು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಒಡನಾಟದಿಂದ ಪೂರ್ವಗ್ರಹ ಇಳಿಯಬೇಕಾದರೆ ಏನಿರಬೇಕು ಎಂದು 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಮನೋವಿಜ್ಞಾನಿ ನಾಲ್ಕು ಷರತ್ತು ಹೇಳಿದ್ದರು. ಎರಡೂ ಕಡೆಯವರು ಸಮಾನವಾಗಿ ಕೂರಬೇಕು, ಗುರಿ ಒಂದೇ ಇರಬೇಕು, ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ನಡೆಯಬಾರದು, ಸಂಸ್ಥೆಯ ಬೆಂಬಲ ಇರಬೇಕು. 2019ರಲ್ಲಿ 63 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಪರಿಶೀಲನೆ ಇನ್ನೊಂದು ಮಾತು ಸೇರಿಸಿತು: ಮುಪ್ಪಿನ ಬಗ್ಗೆ ಪಾಠವೂ ಒಡನಾಟವೂ ಜೊತೆಗೂಡಿದಾಗ ಫಲ ಹೆಚ್ಚು. ಹಣ್ಣು ಹಂಚುವ ಕಾರ್ಯಕ್ರಮದಲ್ಲಿ ಈ ನಾಲ್ಕರಲ್ಲಿ ಮೂರು ಇರುವುದಿಲ್ಲ, ಅಲ್ವಾ?

ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದಂಥ ಕೆಲಸ ಒಂದಿದೆ. ಕೌದಿ ಹೊಲಿಯುವುದು. ಕಲಬುರಗಿಯ ಒಂದು ಶಾಲೆಯ 7ನೇ ತರಗತಿ ಮತ್ತು ಹತ್ತಿರದ ಒಂದು ವೃದ್ಧಾಶ್ರಮ ಎಂದು ಇಟ್ಟುಕೊಂಡು, ಇದನ್ನು ಮೊದಲಿನಿಂದ ಕೊನೆವರೆಗೆ ಹೇಗೆ ನಡೆಸಬಹುದು ನೋಡೋಣ.

ಮೊದಲು ಲೆಕ್ಕ ಹಾಕಿ

8 ಜನ ಹಿರಿಯರು, 16 ಮಕ್ಕಳು. ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು. ಒಬ್ಬರಿಗೆ ಒಬ್ಬರು ಎಂದು ಜೋಡಿ ಮಾಡಬೇಡಿ. ಒಂದು ಮಗು ಜ್ವರ ಬಂದು ರಜೆ ಹಾಕಿದರೆ ಆಯಿ ಸುಮ್ನೆ ಒಬ್ಬರೇ ಕೂರಬೇಕಾಗುತ್ತದೆ. ಮಗು ಯಾರೊಂದಿಗೂ ಒಂಟಿಯಾಗಿ ಇರಬಾರದು ಎಂಬ ಸುರಕ್ಷತೆಯ ನಿಯಮವೂ ಇದರಿಂದ ತಾನಾಗಿ ಪಾಲನೆಯಾಗುತ್ತದೆ.

ಒಟ್ಟು 24 ಜನರಾದರು. ಪ್ರತಿಯೊಬ್ಬರದೂ ಒಂದು ಅಡಿ ಚೌಕದ ಒಂದು ತುಂಡು ಬಟ್ಟೆ. ನಾಲ್ಕು ಸಾಲು, ಸಾಲಿಗೆ ಆರು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಒಂದು ಕೌದಿ ಆಗುತ್ತದೆ. ಹೊಲಿಗೆಗೆ ಸುತ್ತ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸಿ. ಹಿರಿಯರದೂ ಒಂದೇ ತುಂಡು, ಮಕ್ಕಳದೂ ಒಂದೇ ತುಂಡು. ಸಮಾನತೆ ಬಾಯಲ್ಲಿ ಹೇಳುವುದಕ್ಕಿಂತ ಹೀಗೆ ಬಟ್ಟೆಯಲ್ಲಿ ಕಂಡರೆ ಚೆನ್ನ. ಒಳಗೆ ಹಾಸಲು ಹಳೆ ಸೀರೆ, ಧೋತ್ರ ಸಾಕು. ಸೂಜಿ ದೊಡ್ಡ ಕಣ್ಣಿನದು ಬೇಡ. ಬೇಕೆಂದೇ ಹೇಳುತ್ತಿದ್ದೇನೆ, ಕಾರಣ ಮುಂದೆ ಬರುತ್ತದೆ.

ಜುಲೈಯಲ್ಲಿ ಶುರು ಮಾಡಿ. ನಮ್ಮ ಬೇಸಿಗೆಯಲ್ಲಿ ಯಾರನ್ನೂ ಹೊರಗೆ ಕರೆದೊಯ್ಯುವ ಹಾಗಿಲ್ಲ. ಎರಡು ವಾರಕ್ಕೊಂದು ಶನಿವಾರ, ಬೆಳಿಗ್ಗೆ 10ರಿಂದ 11, ಒಟ್ಟು ಎಂಟು ಸಲ. ನಡುವೆ ದಸರಾ ರಜೆ ಬಂದರೂ ಚಳಿಗೆ ಮುಂಚೆ ಕೌದಿ ಕೈಗೆ ಸಿಗುತ್ತದೆ. ನಾಷ್ಟಾ ಆದ ಮೇಲೆ, ಮಧ್ಯಾಹ್ನದ ಊಟಕ್ಕೆ ಮೊದಲಿನ ಈ ಹೊತ್ತಿನಲ್ಲಿ ಹಿರಿಯರು ಚುರುಕಾಗಿರುತ್ತಾರೆ. ಒಂದು ಗಂಟೆಗಿಂತ ಹೆಚ್ಚು ಎಳೆಯಬೇಡಿ. ಸೊಂಟ ಕೇಳುವುದಿಲ್ಲ.

ಎಂಟರಲ್ಲಿ ಮೂವರು ಹೊರಗಿನವರು

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎಂಟೂ ಹಿರಿಯರು ಆಶ್ರಮದವರೇ ಆದರೆ, ವಯಸ್ಸಾದವರೆಲ್ಲ ಆಶ್ರಮದಲ್ಲಿ ಇರುತ್ತಾರೆ ಎಂಬ ಹೊಸ ಪೂರ್ವಗ್ರಹ ಹುಟ್ಟುತ್ತದೆ. ಅದಕ್ಕೆ ಐವರು ಆಶ್ರಮದಿಂದ, ಮೂವರು ಶಾಲೆಯ ಓಣಿಯಿಂದ ಇರಲಿ. ನಿವೃತ್ತ ಮೇಷ್ಟ್ರು, ಈಗಲೂ ಕಾಯಿಪಲ್ಯ ಮಾರುವ ಆಯಿ, ಟೇಲರ್ ಕೆಲಸ ಮಾಡುತ್ತಿದ್ದ ಮುತ್ಯಾ. ಟೇಲರ್ ಸಿಕ್ಕರೆ ಇನ್ನೊಂದು ಲಾಭ. ಕೌದಿ ಹೆಂಗಸರ ಕೆಲಸ ಎಂದು ಗಂಡಸರು ಗೋಡೆಗೆ ಒರಗಿ ಕೂರುವುದು ತಪ್ಪುತ್ತದೆ. ಉಳಿದ ಗಂಡಸರಿಗೆ ಅಳತೆ, ಕತ್ತರಿ, ಯಾವ ಬಣ್ಣದ ಪಕ್ಕ ಯಾವುದು ಎಂಬ ತೀರ್ಮಾನ ಕೊಡಿ.

'ಮಕ್ಕಳಿಗೆ ಮನೆಯಲ್ಲೇ ಅಜ್ಜ ಅಜ್ಜಿ ಇದ್ದಾರಲ್ಲ, ಇದೆಲ್ಲ ಯಾಕೆ?' ಎಂದು ಪಾಲಕರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಮಗುವಿನ ಲೆಕ್ಕದಲ್ಲಿ 'ನಮ್ಮ ಆಯಿ' ಬೇರೆ, 'ಮುದುಕರು' ಬೇರೆ. ಮನೆಯ ಪ್ರೀತಿ ಮನೆಯ ಹೊಸಿಲು ದಾಟಿ ಬೇರೆ ಹಿರಿಯರವರೆಗೆ ಹೋಗುತ್ತದೆ ಎಂದು ಹೇಳಲಾಗದು. ಪರಿಚಯವಿಲ್ಲದ ಹಿರಿಯರ ಜೊತೆ ಕೂತು ಕೆಲಸ ಮಾಡಿದಾಗ ಆ ಗೆರೆ ಅಳಿಸಲು ಒಂದು ಅವಕಾಶ ಸಿಗುತ್ತದೆ.

ತೀರಾ ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆ ಹೆಚ್ಚಾಗಿರುವವರನ್ನು ಮೊದಲ ಸುತ್ತಿನಲ್ಲಿ ಸೇರಿಸಬೇಡಿ. ಮಕ್ಕಳಿಂದ ಅವರನ್ನು ಮುಚ್ಚಿಡಿ ಎಂದಲ್ಲ. ಮೊದಲ ಭೇಟಿಯಲ್ಲಿ ಹುಟ್ಟಿದ ಅಂಜಿಕೆ ಇಳಿಯುವುದು ಕಷ್ಟ.

ಹೋಗುವ ಮೊದಲು ಒಂದು ಪಾಠ, ಒಂದು ಚೀಟಿ

ಮೊದಲ ಭೇಟಿಯ ಹಿಂದಿನ ವಾರ ಪ್ರತಿ ಮಗುವಿಗೂ ಖಾಲಿ ಚೀಟಿ ಕೊಡಿ. 'ವಯಸ್ಸಾದವರು ಎಂದ ತಕ್ಷಣ ಹೊಳೆಯುವ ಐದು ಮಾತು ಬರೆಯಿರಿ.' ಹೆಸರು ಬೇಡ, ಒಂದು ಗುರುತು ಸಂಖ್ಯೆ ಸಾಕು. ಕಾರ್ಯಕ್ರಮಕ್ಕೆ ಬರದ ಇನ್ನೊಂದು ಸೆಕ್ಷನ್ನಿನ ಮಕ್ಕಳಿಗೂ ಇದೇ ಚೀಟಿ ಕೊಡಿ. ಚೀಟಿ ವಸೂಲಿ ಮಾಡುವವರು ಕಾರ್ಯಕ್ರಮ ನಡೆಸುವ ಟೀಚರ್ ಆಗಿರಬಾರದು. ಟೀಚರಿಗೆ ಏನು ಇಷ್ಟವೋ ಅದನ್ನೇ ಮಕ್ಕಳು ಬರೆದುಬಿಡುತ್ತಾರೆ.

ಹಿರಿಯರಿಗೂ ಇದೇ ಪ್ರಶ್ನೆ: 'ಈಗಿನ ಹುಡುಗರು ಎಂದರೆ?' ಬರೆಯಲಾಗದವರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಮೊಬೈಲು, ಸೊಕ್ಕು, ಮಾತು ಕೇಳಲ್ಲ ಎಂಬುದೆಲ್ಲ ಬಂದರೆ ಅಚ್ಚರಿಪಡಬೇಡಿ. ಪೂರ್ವಗ್ರಹ ಎರಡೂ ಕಡೆಗಿದೆ.

ಆಮೇಲೆ ಒಂದೇ ಒಂದು ತರಗತಿ ಪಾಠ. ಮುಪ್ಪಿನಲ್ಲಿ ಕಿವಿ ಮಂದವಾಗಬಹುದು, ಹಾಗೆಂದು ಬುದ್ಧಿ ಮಂದವಾಗಿದೆ ಎಂದಲ್ಲ. ಕೂಗಬೇಡಿ, ಎದುರಿಗೆ ಕೂತು ಬಿಡಿಸಿ ಮಾತಾಡಿ. ಕಣ್ಣಿನ ಪೊರೆ ಎಂದರೇನು, ಬೆರಳ ಸಂಧಿ ಯಾಕೆ ಬಿಗಿಯುತ್ತದೆ, ಇಷ್ಟು ಹೇಳಿದರೆ ಸಾಕು. 'ನಿಮ್ಮ ಮಕ್ಕಳು ಯಾಕೆ ಇಲ್ಲಿ ಬಿಟ್ಟರು?' ಎಂದು ಕೇಳಬಾರದು ಎಂಬುದನ್ನೂ ಈಗಲೇ ಹೇಳಿಡಿ. ಹಿರಿಯರೇ ಆ ಮಾತು ತೆಗೆದರೆ ಮಗು ಕೇಳಿಸಿಕೊಳ್ಳಲಿ, ಆದರೆ ಆಶ್ರಮದ ಸಿಬ್ಬಂದಿ ಒಬ್ಬರು ಅಲ್ಲೇ ಹತ್ತಿರ ಇರಲಿ.

ಕೂರುವುದು, ಕರೆಯುವುದು, ಹೊಲಿಯುವುದು

ಹಿರಿಯರು ಕುರ್ಚಿಯಲ್ಲಿ, ಮಕ್ಕಳು ನೆಲದಲ್ಲಿ ಕೂತರೆ ಅದು ಪ್ರವಚನವಾಗುತ್ತದೆ. ಮಕ್ಕಳು ನಿಂತು, ಹಿರಿಯರು ಮಂಚದಲ್ಲಿದ್ದರೆ ಆಸ್ಪತ್ರೆಯಾಗುತ್ತದೆ. ಊಟದ ಟೇಬಲ್ ಸುತ್ತ ಎಲ್ಲರೂ ಒಂದೇ ಎತ್ತರದ ಕುರ್ಚಿಯಲ್ಲಿ ಕೂರಲಿ. ಏನೆಂದು ಕರೆಯಬೇಕು ಎಂದು ಹಿರಿಯರನ್ನೇ ಕೇಳಿ. ಒಬ್ಬರಿಗೆ ಆಯಿ, ಒಬ್ಬರಿಗೆ ಮುತ್ಯಾ, ಇನ್ನೊಬ್ಬರಿಗೆ ನಾನಿ. ನಿವೃತ್ತ ಮೇಷ್ಟ್ರಿಗೆ 'ಸರ್' ಎಂದರೇ ಖುಷಿ ಇರಬಹುದು.

ಮೊದಲ ಸಲ ಹೊಲಿಗೆ ಬೇಡ. ಎಲ್ಲರೂ ತಮ್ಮ ಬಟ್ಟೆ ತುಂಡು ತಂದು, ಅದು ಯಾವ ಸೀರೆಯದು, ಯಾವ ಅಂಗಿಯದು ಎಂದು ಹೇಳಲಿ. ಆಶ್ರಮದವರಲ್ಲಿ ಕೊಡಲು ಹಳೆ ಬಟ್ಟೆ ಇಲ್ಲದಿದ್ದರೆ ಮೊದಲೇ ಒಂದಿಷ್ಟು ತುಂಡು ತಂದಿಟ್ಟು, ಅವರೇ ಆರಿಸಿಕೊಳ್ಳಲಿ. ಎರಡನೇ, ಮೂರನೇ ಸಲ ತುಂಡು ಜೋಡಿಸುವುದು. ನಾಲ್ಕನೆಯದರಿಂದ ಏಳನೆಯದರವರೆಗೆ ಒಳಪದರ ಹಾಸಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಹೊಲಿಗೆ. ಎಂಟನೆಯದಕ್ಕೆ ಅಂಚು ಕಟ್ಟಿ ಮುಗಿಸುವುದು.

ಇನ್ನು ಸಣ್ಣ ಕಣ್ಣಿನ ಸೂಜಿಯ ವಿಷಯ. ಅರವತ್ತೈದು ದಾಟಿದ ಕಣ್ಣಿಗೆ ದಾರ ಪೋಣಿಸುವುದು ಕಷ್ಟ. ಹನ್ನೆರಡರ ಹುಡುಗನಿಗೆ ಅದು ಸಲೀಸು, ಆದರೆ ಸಾಲು ನೆಟ್ಟಗೆ ಹಾಕಲು ಬರುವುದಿಲ್ಲ. 'ಏ ತಮ್ಮಾ, ದಾರ ಪೋಣ್ಸಿ ಕೊಡು ಬಾ' ಎಂದು ಆಯಿ ಕರೆಯುತ್ತಾರೆ. ಎರಡು ನಿಮಿಷಕ್ಕೆ ಅವನ ಸಾಲು ನೋಡಿ 'ಸಣ್ಣಾಗಿ ಹಾಕಪ್ಪಾ, ಇಲ್ಲಂದ್ರ ಒಗದಾಗ ಬಿಚ್ಚತಾವ' ಎನ್ನುತ್ತಾರೆ. ಆಲ್‌ಪೋರ್ಟ್ ಹೇಳಿದ ಮೂರನೇ ಷರತ್ತು ಇಷ್ಟೇ. ದೊಡ್ಡ ಕಣ್ಣಿನ ಸೂಜಿ ಕೊಟ್ಟರೆ ಈ ಕೊಡುಕೊಳ್ಳುವಿಕೆಗೆ ಜಾಗವೇ ಇರದು.

ಎಂಟೂ ಸಲ ಅದೇ ಜೋಡಿಗಳಿರಲಿ, ಬದಲಿಸಬೇಡಿ. ಅಂಜಿಕೆ ಇಳಿಯಲು ಅದೇ ಮುಖ ಮತ್ತೆ ಮತ್ತೆ ಕಾಣಬೇಕು. ಆದರೆ ಒಂದು ಗುಂಪು ಎರಡು ಸಲ ಕಳೆದರೂ ಮಾತಾಡದೆ ಕೂತಿದ್ದರೆ, ಅಥವಾ ಮುತ್ಯಾ ಮಕ್ಕಳನ್ನು ಗದರುತ್ತಲೇ ಇದ್ದರೆ ಬೇಗ ಬದಲಿಸಿ. ಕಹಿ ಅನುಭವ ಸುಲಭವಾಗಿ 'ಮುದುಕರೆಲ್ಲ ಹೀಗೇ' ಎಂಬಲ್ಲಿಗೆ ಹೋಗುತ್ತದೆ. ಸಿಹಿ ಅನುಭವ 'ಈ ಆಯಿ ಮಾತ್ರ ಒಳ್ಳೆಯವರು' ಎಂಬಲ್ಲೇ ನಿಂತುಬಿಡಬಹುದು. ಅದಕ್ಕೇ ಕೊನೆಯ ಎರಡು ಸಲ ಟೇಬಲ್‌ಗಳನ್ನು ಸೇರಿಸಿ, ಎಲ್ಲರೂ ಒಂದೇ ಕೌದಿಯ ಸುತ್ತ ಕೂರುವ ಹಾಗೆ ಮಾಡಿ.

ಚಹಾ ಸಾಕು, ಸಿಹಿ ಬೇಡ. ಶುಗರ್ ಇರುವವರು ಬೇಡ ಎನ್ನಲಾಗದೆ ತಿಂದುಬಿಡುತ್ತಾರೆ. ಕೆಮ್ಮು, ನೆಗಡಿ ಇರುವ ಮಗು ಅವತ್ತು ಬರಬಾರದು. ಫೋಟೊಗೆ ಪಾಲಕರ ಒಪ್ಪಿಗೆ ಪಡೆಯುವಂತೆ ಹಿರಿಯರ ಒಪ್ಪಿಗೆಯನ್ನೂ ಪಡೆಯಿರಿ. ಅದನ್ನು ಯಾರೂ ಕೇಳುವುದೇ ಇಲ್ಲ.

ನಡುವೆ ಹಿರಿಯರೊಬ್ಬರು ತೀರಿಕೊಳ್ಳಬಹುದು. 'ಊರಿಗೆ ಹೋದರು' ಎಂದು ಸುಳ್ಳು ಹೇಳಬೇಡಿ. ಮುಂದಿನ ಭೇಟಿಗೆ ಮೊದಲೇ, ಶಾಲೆಯಲ್ಲೇ, ನೇರವಾಗಿ ತಿಳಿಸಿ. ಅವರ ತುಂಡನ್ನು ಆ ಇಬ್ಬರು ಮಕ್ಕಳೇ ಹೊಲಿದು ಮುಗಿಸಲಿ, ಅವರಿಗೆ ಇಷ್ಟವಿದ್ದರೆ.

ಫಲ ಸಿಕ್ಕಿತೋ ಇಲ್ಲವೋ

ಎಂಟನೇ ಭೇಟಿಯ ಮರುವಾರ ಅದೇ ಚೀಟಿ, ಅದೇ ಪ್ರಶ್ನೆ, ಎರಡೂ ಸೆಕ್ಷನ್ನಿಗೆ. ಮಾತುಗಳನ್ನು ಮೂರು ಗುಂಪು ಮಾಡಿ. ಒಂದು, ಕಾಯಿಲೆ ಮತ್ತು ಸಿಡುಕಿನ ಮಾತು. ಎರಡು, ಕನಿಕರದ ಮಾತು: ಪಾಪ, ಒಂಟಿ, ಪ್ರೀತಿ ಬೇಕು. ಮೂರು, ಕೈಲಾಗುವುದನ್ನು ಹೇಳುವ ಮಾತು: ಹೊಲಿತಾರೆ, ಲೆಕ್ಕ ಪಕ್ಕಾ, ಜೋಕ್ ಮಾಡ್ತಾರೆ, ಹಟಮಾರಿ. ಹಟಮಾರಿ ಎಂಬುದು ಬೈಗುಳದಂತೆ ಕಂಡರೂ ನಾನು ಅದನ್ನು ಮೂರನೆಯದಕ್ಕೇ ಸೇರಿಸುತ್ತೇನೆ. ಹಟ ಮಾಡುವವರಿಗೆ ಸ್ವಂತ ಮನಸ್ಸಿದೆ ಎಂದು ಮಗು ಗಮನಿಸಿದೆ.

ಮೊದಲ ಗುಂಪು ಇಳಿದು ಎರಡನೆಯದು ಏರಿದ್ದರೆ ನೀವು ನಡೆಸಿದ್ದು ಉದ್ದನೆಯ ಹಣ್ಣು ಹಂಚಿಕೆ. ಮೂರನೆಯದು ಏರಿರಬೇಕು, ಇನ್ನೊಂದು ಸೆಕ್ಷನ್ನಿನಲ್ಲಿ ಅಷ್ಟು ಏರಿರಬಾರದು. ಆಗ ಮಾತ್ರ ಕೌದಿಯಿಂದ ಏನೋ ಆಯಿತು ಎನ್ನಬಹುದು. ಹದಿನಾರು ಮಕ್ಕಳ ಚೀಟಿಯಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಮುಂದಿನ ಸುತ್ತಿನಲ್ಲಿ ಏನು ಬದಲಿಸಬೇಕು ಎಂದು ತಿಳಿಯಲು ಅಷ್ಟು ಸಾಕು.

ಮೂರು ತಿಂಗಳ ನಂತರ ಇನ್ನೊಮ್ಮೆ ಚೀಟಿ ಕೊಡಿ. ಹೊಸದರಲ್ಲಿ ಏರಿದ್ದು ಇಳಿಯುವುದು ಸಾಮಾನ್ಯ. ತುಂಬ ಇಳಿದಿದ್ದರೆ ಅದೇ ಜೋಡಿಗಳನ್ನು ಇನ್ನೊಂದು ಕೆಲಸಕ್ಕೆ ಕೂರಿಸಿ. ಆ ಹೊತ್ತಿಗೆ ಎಳ್ಳ ಅಮಾವಾಸ್ಯೆ ಹತ್ತಿರ ಇದ್ದರೆ, ಭಜ್ಜಿಗೆ ಏನೇನು ಬೀಳಬೇಕು ಎಂದು ಐದು ಮನೆಯ ಆಯಂದಿರು ಐದು ಥರ ಹೇಳುತ್ತಾರೆ. ಪಟ್ಟಿ ಬರೆದುಕೊಳ್ಳುವ ಕೆಲಸ ಮಕ್ಕಳದ್ದು. ಕೌದಿ ಯಾರ ಪಾಲು ಎಂಬುದನ್ನು ಮಾತ್ರ ಮೊದಲ ಭೇಟಿಯಲ್ಲೇ, ಇಪ್ಪತ್ನಾಲ್ಕೂ ಜನ ಕೈ ಎತ್ತಿ ತೀರ್ಮಾನಿಸಿರಬೇಕು. ಕೊನೆಗೆ ಕೇಳಿದರೆ ಜಗಳ ಖಂಡಿತ.