ಕುಮಾರರಾಮ ನಿಜವಾಗಿ ಇದ್ದನಾ? ನಾನು ಹುಡುಕಿದ ದಾರಿ

ಜನಪದ ಹಾಡುಗಳ ವೀರ, ಕುಮ್ಮಟದುರ್ಗದ ರಾಜಕುಮಾರ ಕುಮಾರರಾಮನ ಹಾಡುಗಳನ್ನು ಗಂಗಾವತಿ ಕಡೆಯ ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಕೇಳಿದವರೆಲ್ಲ ಕೇಳುತ್ತಿದ್ದದ್ದು ಒಂದೇ: ಇವನು ಇದ್ದನಾ, ಇಲ್ಲಾ ಕಟ್ಟುಕತೆಯಾ? ಇಡೀ ಕತೆಗೆ ಒಟ್ಟಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗಲ್ಲ. ಹಾಗಾಗಿ ಮೊದಲು ಕತೆಯನ್ನೇ ಬಿಡಿಬಿಡಿ ಮಾಡಿದೆ.

ಎಲ್ಲರಿಗೂ ಗೊತ್ತಿರೋದು ಚೆಂಡಿನ ಪ್ರಸಂಗ. ರಾಮ ಆಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ಹೋದವನನ್ನು ಅವಳು ಬಯಸುತ್ತಾಳೆ, ಅವನು ಒಪ್ಪಲ್ಲ, ಅವಳು ಗಂಡನ ಹತ್ತಿರ ಸುಳ್ಳು ದೂರು ಹೇಳುತ್ತಾಳೆ. ತಂದೆ ಕಂಪಿಲರಾಯ ಮಗನ ತಲೆ ಕಡಿಯಲು ಹೇಳಿದರೆ ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ಹುಡುಗನನ್ನು ಬಚ್ಚಿಡುತ್ತಾನೆ. ಈ ಭಾಗವನ್ನು ನಾನು ಸಾಕ್ಷಿ ಅಂತ ಇಟ್ಟುಕೊಳ್ಳಲೇ ಇಲ್ಲ. ಅಶೋಕನ ಮಗ ಕುಣಾಲನಿಗೂ ಇದೇ ಮಲತಾಯಿ, ಆಂಧ್ರದ ಸಾರಂಗಧರನಿಗೂ ಇದೇ, ಪಂಜಾಬಿನ ಪೂರಣ ಭಗತನಿಗೂ ಇದೇ. ಊರೂರು ತಿರುಗುವ ಕತೆ, ಸಿಕ್ಕ ವೀರನಿಗೆ ಅಂಟಿಕೊಂಡಿದೆ ಅಷ್ಟೇ. ಆದರೆ ಇದನ್ನು ನೋಡಿದ ಕೂಡಲೇ ‘ಹಾಗಾದರೆ ರಾಮನೂ ಸುಳ್ಳು’ ಅಂತ ತೀರ್ಪು ಕೊಡುವವರಿದ್ದಾರಲ್ಲ, ಅದನ್ನು ನಾನು ಒಪ್ಪಲ್ಲ. ಅಂಟಿಕೊಳ್ಳೋಕೆ ಒಂದು ಹೆಸರು ಮೊದಲೇ ಜನರ ಬಾಯಲ್ಲಿ ಇರಬೇಕು, ಅಲ್ವಾ?

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಹಾಡುವವರಿಗೇ ಅರ್ಥವಾಗದ ಸಾಲುಗಳು. ಒಬ್ಬ ಅಜ್ಜಿ ಕುದುರೆ ತರುವ ಭಾಗದಲ್ಲಿ ‘ಓರುಗಲ್ಲು’ ಅಂತ ಹಾಡಿದರು. ಅದು ಎಲ್ಲಿದೆ ಯವ್ವಾ ಅಂದೆ. “ಯಾರಿಗ್ ಗೊತ್ತೋ ತಮ್ಮಾ, ನಮ್ಮತ್ತಿ ಹಿಂಗ ಕಲಿಸಿದ್ಲು, ನಾ ಹಿಂಗ ಹಾಡ್ತೀನಿ” ಅಂದರು. ಚೆಂಡಿನ ಭಾಗ ಯಾಕೆ ಅಷ್ಟು ಉದ್ದ ಅಂದಿದ್ದಕ್ಕೆ, “ಮಂದಿ ಅದನ್ನ ಕೇಳ್ತಾರ, ಅದಕ್ಕ” ಅಂತ ನಕ್ಕರು. ಎರಡೂ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕದಲ್ಲೇ ಇವೆ. ಕೇಳುವವರಿಗೆ ಬೇಕಾದ್ದು ಬೆಳೆಯುತ್ತಾ ಹೋಗುತ್ತದೆ, ಯಾರಿಗೂ ಬೇಡದ ಊರಿನ ಹೆಸರು ಸುಮ್ನೆ ಉಳಿದುಬಿಡುತ್ತದೆ.

ಓರುಗಲ್ಲು ಅಂದರೆ ಕಾಕತೀಯರ ವಾರಂಗಲ್. ಅಲ್ಲಿಯ ಪ್ರತಾಪರುದ್ರನ ಆಳ್ವಿಕೆ 1323ಕ್ಕೆ ಮುಗಿಯಿತು. ಕತೆಯಲ್ಲಿ ಬರುವ ಹೊಯ್ಸಳ ಬಲ್ಲಾಳನ ವಂಶ 14ನೇ ಶತಮಾನದ ನಡುವೆಯೇ ಅಳಿಯಿತು. ಅಂದರೆ ರಾಮನ ಸುತ್ತ ಇರುವ ರಾಜರೆಲ್ಲ ಒಂದೇ ಕಾಲದವರು. ನಾಕು ಕಾಲದ ವೀರರನ್ನು ಸೇರಿಸಿ ಹೊಲಿದ ಕತೆಯಾಗಿದ್ದರೆ ಅಕ್ಕಪಕ್ಕದ ರಾಜರು ಇಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಿರಲಿಲ್ಲ.

ಇಲ್ಲೊಂದು ತೊಡಕಿದೆ. 16ನೇ ಶತಮಾನದಲ್ಲಿ ನಂಜುಂಡ ಕವಿ ಇದೇ ಕತೆಯನ್ನು ಸಾಂಗತ್ಯದಲ್ಲಿ ಬರೆದ. ಅಂಥ ಕಾವ್ಯವನ್ನು ಯಾರೋ ಗಟ್ಟಿಯಾಗಿ ಓದಿ, ಅದು ಹಾಡಿಗೆ ಇಳಿದಿರಬಹುದು. ಆದ್ದರಿಂದ ಕಾವ್ಯ ಮತ್ತು ಹಾಡು ಎರಡನ್ನೂ ಸೇರಿಸಿ ನಾನು ಒಂದೇ ಸಾಕ್ಷಿ ಅಂತ ಎಣಿಸುತ್ತೇನೆ. ಹತ್ತು ಹಳ್ಳಿಯಲ್ಲಿ ಒಂದೇ ಹೆಸರು ಸಿಕ್ಕಿತು ಅಂದರೆ ಹತ್ತು ಸಾಕ್ಷಿ ಆಗಲ್ಲ.

ಹೊರಗಿನ ಸಾಕ್ಷಿಯನ್ನು ಒಬ್ಬೊಬ್ಬರ ಹೆಸರಿಗೂ ಬೇರೆಬೇರೆ ಹುಡುಕಿದೆ. ತಂದೆಯ ಬಗ್ಗೆ ಅನುಮಾನವೇ ಇಲ್ಲ. ಹಂಪಿಯ ಹೇಮಕೂಟದ ಶಾಸನದಲ್ಲಿ ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಶಿವಾಲಯ ಕಟ್ಟಿಸಿದ್ದು ಬರೆದಿದೆ. ಆ ಕಾಲದಲ್ಲಿ ದಿಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಕೂಡ, ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆ ಎದ್ದು ಓಡಿಬಂದ ಬಹಾವುದ್ದೀನನಿಗೆ ಕಂಪಿಲಿಯ ರಾಜ ಆಶ್ರಯ ಕೊಟ್ಟದ್ದು, ಸುಲ್ತಾನನ ಸೈನ್ಯ ಮುತ್ತಿಗೆ ಹಾಕಿದ್ದು, ಹೆಂಗಸರು ಬೆಂಕಿಗೆ ಹಾರಿದ್ದು, ರಾಜ ಕಾದಾಡಿ ಸತ್ತದ್ದು ಎಲ್ಲ ಬರೆಯುತ್ತಾನೆ. ಇದು 1327ರ ಸುಮಾರಿನ ಮಾತು. ರಾಮನನ್ನು ಹೊಗಳಬೇಕಾದ ಹಂಗು ಅವನಿಗಿಲ್ಲ, ಅದಕ್ಕೇ ಅವನ ಮಾತಿಗೆ ತೂಕ ಜಾಸ್ತಿ.

ಆದರೆ ಅವನು ರಾಮನ ಹೆಸರನ್ನೇ ಎತ್ತಲ್ಲ! ರಾಜನ ಹನ್ನೊಂದು ಮಕ್ಕಳನ್ನು ಹಿಡಿದು ಮತಾಂತರ ಮಾಡಿದರು, ಅವರಲ್ಲಿ ಮೂವರನ್ನು ತಾನೇ ಕಂಡೆ ಅನ್ನುತ್ತಾನೆ. ಹಾಡಿನಲ್ಲಿ ಈ ಹನ್ನೊಂದು ಮಂದಿಯ ಸುಳಿವೇ ಇಲ್ಲ. ಸೆರೆಯಾದವರನ್ನು ಹಾಡು ಮರೆತಿದೆ, ಸತ್ತವನನ್ನು ಇಟ್ಟುಕೊಂಡಿದೆ. ರಾಮನ ಕಡೆ ನಿಲ್ಲುವುದು ಹಾವೇರಿ ಹತ್ತಿರದ ಸಂಗೂರಿನ ಶಾಸನ. ವಿಜಯನಗರದವರ ಕಾಲದ್ದು, ಕಂಪಿಲನ ಮಗ ರಾಮನಾಥನ ಶೌರ್ಯವನ್ನು ಹೇಳುತ್ತದೆ. ಕಣ್ಣಾರೆ ಕಂಡವರ ಮಾತಲ್ಲ, ನಿಜ. ಆದರೆ ನಂಜುಂಡ ಕವಿಗಿಂತ ಹಳೆಯದು, ಹಾಗಾಗಿ ಕಾವ್ಯದಿಂದ ಅಲ್ಲಿಗೆ ಬಂದಿರಲು ಸಾಧ್ಯವಿಲ್ಲ.

ಇಷ್ಟರ ಮೇಲೆ ನನ್ನ ಲೆಕ್ಕ ಹೀಗಿದೆ. ಕಂಪಿಲ ಖಂಡಿತ ಇದ್ದ. ರಾಮನಾಥ ಎಂಬ ಮಗ ಇದ್ದನೆಂದೇ ನಾನು ಒಪ್ಪುತ್ತೇನೆ. ರತ್ನಾಜಿಯ ಚೆಂಡು, ಬದಲಿ ತಲೆ, ದಿಲ್ಲಿಯ ಸುಲ್ತಾನನ ಮಗಳ ಪ್ರೀತಿ ಇವೆಲ್ಲ ಆಮೇಲೆ ಸೇರಿದವು. ಅವನು ಕೊನೆಯ ಮುತ್ತಿಗೆಯಲ್ಲೇ ಸತ್ತನಾ, ಅದಕ್ಕೂ ಮುಂಚಿನ ಯಾವುದೋ ಕಾಳಗದಲ್ಲಾ ಅನ್ನುವುದನ್ನು ಮಾತ್ರ ಇರುವ ಸಾಕ್ಷಿಯಿಂದ ತೀರ್ಮಾನಿಸಲು ಆಗಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ.