ಲೇಟಾಗುದು ಬೇರೆ, ಹೇಳದೆ ಲೇಟಾಗುದು ಬೇರೆ: ಮಗನಿಗೆ ಮೆಸೇಜ್ ಬರೆದ ನನ್ನ ಅನುಭವ

ನನ್ನ ಮಗ ಈಗ ಪ್ಲಸ್ ಟೂ. ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಬಸ್ಸಿಳಿದ ಮೇಲೆ ಒಂದೂಕಾಲು ಕಿಲೋಮೀಟರ್ ನಡಿಲಿಕ್ಕುಂಟು. ಮೊದಲು ರಬ್ಬರ್ ತೋಟ, ಮತ್ತೆ ತೋಡಿಗೆ ಹಾಕಿದ ಸಂಕ, ಅದು ದಾಟಿದ್ರೆ ನಮ್ಮ ಅಡಿಕೆ ತೋಟ. ರಬ್ಬರಿನ ಹತ್ರ ಒಂದೇ ಒಂದು ಲೈಟ್ ಇಲ್ಲ, ಕತ್ತಲಾದ್ರೆ ಹಂದಿಗಳು ಗುಂಪು ಗುಂಪಾಗಿ ರಸ್ತೆ ದಾಟ್ತವೆ. ಇವನ ಅಪ್ಪ ದುಬಾಯಿಯಲ್ಲಿ, ಮನೆಯಲ್ಲಿ ನಾನು, ಅತ್ತೆ, ಇವನು, ಇಷ್ಟೇ ಜನ.

ಕಳೆದ ವರ್ಷ ಪ್ಲಸ್ ವನ್‌ಗೆ ಸೇರಿದ ಮೇಲೆ ಇವನಿಗೆ ಟರ್ಫ್‌ನ ಹುಚ್ಚು ಸುರುವಾಯ್ತು. ನಮ್ಮ ಕಾಸರಗೋಡಿನಲ್ಲಿ ಫುಟ್ಬಾಲ್ ಅಂದ್ರೆ ಮಕ್ಕಳಿಗೆ ಹೇಗೆ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. ಶಾಲೆ ಬಿಟ್ಟು ಸೀದಾ ಟರ್ಫ್, ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಹತ್ತು ಜನ ಸೇರಿ ಹಣ ಹಾಕುದು, ಆಟ ಮುಗಿದ ಮೇಲೆ ಎಲ್ರೂ ಸೇರಿ ಒಂದು ಅವಿಲ್ ಮಿಲ್ಕ್. ಅದ್ರಲ್ಲಿ ನನಗೆ ಬೇಜಾರಿಲ್ಲ, ಮಕ್ಕಳು ಬೆವರು ಸುರಿಸಿ ಆಡುದು ಒಳ್ಳೇದೇ. ಆದ್ರೆ ಬರುದು 7:15 ಅಂತ ಇದ್ದದ್ದು 7:45 ಆಯ್ತು, 8 ಆಯ್ತು, 8:20 ಆಯ್ತು.

ಆಗ ನಾನು ಮಾಡಿದ್ದು ಎಂತ ಅಂದ್ರೆ, 7:30 ದಾಟಿದ ಕೂಡ್ಲೆ ಫೋನ್ ಮಾಡುದು, ತೆಗೆಯದಿದ್ರೆ ಮತ್ತೆ ಮಾಡುದು, ಕೊನೆಗೆ ಸಿಟ್ಟಲ್ಲಿ ವಾಯ್ಸ್ ಮೆಸೇಜ್ ಹಾಕುದು. "ಎಲ್ಲಿ ಸತ್ತಿದ್ದೀಯ ನೀನು, ಮನೆ ಅಂತ ಒಂದು ಉಂಟಾ ಇಲ್ವಾ" ಅಂತೆಲ್ಲ. ಅವನು ಅದನ್ನು ಫ್ರೆಂಡ್ಸ್ ಎದುರಲ್ಲೇ ಒತ್ತಿ ಕೇಳಿದ್ದಾನೆ, ಸ್ಪೀಕರಲ್ಲಿ ಎಲ್ರಿಗೂ ಕೇಳಿದೆ, ಮರುದಿನ ಶಾಲೆಯಲ್ಲಿ ನನ್ನ ಮಾತನ್ನು ನನ್ನ ಸ್ವರದಲ್ಲೇ ಹೇಳಿ ಇವನನ್ನು ಆಡಿಸಿದ್ದಾರೆ. ಇದು ನನಗೆ ಎಷ್ಟೋ ದಿನ ಗೊತ್ತೇ ಇರ್ಲಿಲ್ಲ.

ಜುಲೈಯಲ್ಲಿ ಒಂದು ದಿನ 9:20 ಆಯ್ತು. ಮಳೆ ಅಂದ್ರೆ ಮಳೆ, ಕರೆಂಟಿಲ್ಲ, ಫೋನ್ ಸ್ವಿಚ್ಡ್ ಆಫ್. ಅತ್ತೆ ಜಗಲಿಯಲ್ಲಿ ಚಿಮಿಣಿ ದೀಪ ಇಟ್ಕೊಂಡು ಕೂತವರು ಏಳ್ಲೇ ಇಲ್ಲ. ಗೇಟಿನ ಚಿಲಕದ ಶಬ್ದ ಕೇಳಿದಾಗ ನನ್ನ ಜೀವ ಬಂತು, ಬಂದ ಜೀವ ಹಾಗೆಯೇ ಸಿಟ್ಟಾಯ್ತು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ಒಂದು ಮಾತಾಡ್ಲಿಲ್ಲ, ಮಂಡೆ ಒರೆಸಿಕೊಂಡು ಹೋಗಿ ಮಲಗಿದ, ಊಟವೂ ಇಲ್ಲ.

ಮರುದಿನ ಬೂಟಿನ ಒಳಗೆ ಪೇಪರ್ ತುರುಕಿ ಒಲೆ ಹತ್ರ ಒಣಗ್ಲಿಕ್ಕೆ ಇಡುವಾಗ ಅತ್ತೆ ಹತ್ರ ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು. ಕೊನೆ ಬಸ್ ತಪ್ಪಿದೆ. ಫೋನಲ್ಲಿ ಚಾರ್ಜ್ ಇತ್ತು, ಇವನೇ ಆಫ್ ಮಾಡಿದ್ದು. "ಅಮ್ಮನಿಗೆ ಫೋನ್ ಮಾಡಿದ್ರೆ ಅಲ್ಲೇ ಬೈಗುಳ ಸುರು, ನಡ್ಕೊಂಡು ಬಂದ್ರೆ ಒಂದೇ ಸಲ ಬೈಗುಳ ಅಲ್ವಾ ಅಜ್ಜಿ" ಅಂತ. ಅಂದ್ರೆ ಆ ಮಳೆಯಲ್ಲಿ ಐದು ಕಿಲೋಮೀಟರ್ ಕತ್ತಲಲ್ಲಿ ನಡಿಯುದು ಅವನಿಗೆ ನನಗೆ ಫೋನ್ ಮಾಡುದಕ್ಕಿಂತ ಸುಲಭ ಅಂತ ಕಂಡಿದೆ. ನನಗೆ ಅಡುಗೆಕೋಣೆಯಲ್ಲೇ ಕೈಕಾಲು ತಣ್ಣಗಾಯ್ತು.

ಆ ದಿನ ನಾನು ಅವನಿಗೆ ಎಂತದೂ ಹೇಳ್ಲಿಲ್ಲ, ಬರೀಬೇಕು ಅಂತ ನಿಶ್ಚಯ ಮಾಡಿದೆ. ಎದುರೆದುರು ಮಾತಾಡಿದ್ರೆ ಎರಡನೇ ವಾಕ್ಯಕ್ಕೆ ನನ್ನ ಸ್ವರ ಏರ್ತದೆ, ಅವನು ನೆಲ ನೋಡ್ತಾನೆ. ಬರೆದದ್ದಾದ್ರೆ ಅವನು ಒಬ್ನೇ ಇರುವಾಗ ಓದ್ಬಹುದು, ನಾಳೆ ಇನ್ನೊಮ್ಮೆ ನೋಡ್ಬಹುದು, ಇಬ್ರಲ್ಲಿ ಯಾರೂ "ಹಾಗೆ ಹೇಳ್ಲೇ ಇಲ್ಲ" ಅನ್ಲಿಕ್ಕಾಗುದಿಲ್ಲ.

ಸುರುವಿಗೆ ಬರೆದದ್ದು ಮೊಬೈಲಲ್ಲಿ ಮೂರು ಸ್ಕ್ರೀನ್ ಉದ್ದ ಆಯ್ತು. ಅಪ್ಪ ಅಲ್ಲಿ ಬಿಸಿಲಲ್ಲಿ ದುಡಿಯುದು, ಪಕ್ಕದ ಮನೆ ಹುಡುಗ 6 ಗಂಟೆಗೆ ಮನೆಯಲ್ಲಿರುದು, ಹತ್ತನೇ ಕ್ಲಾಸಿನ ಮಾರ್ಕು, ಎಲ್ಲ ಅದ್ರಲ್ಲಿ ಬಂತು. ಓದಿ ನೋಡಿದ್ರೆ ಮನೆಗೆ ಬರುವ ಟೈಮಿನ ವಿಷಯ ಎರಡೇ ಸಾಲು, ಉಳಿದದ್ದೆಲ್ಲ ಹಳೇ ಲೆಕ್ಕ. ಅದನ್ನೆಲ್ಲ ತೆಗೆದೆ. ಮತ್ತೆ ಗಂಡನಿಗೆ ಕಳ್ಸಿದೆ, ಯಾಕಂದ್ರೆ ಅವರು ರಾತ್ರಿ 9ಕ್ಕೆ ಫೋನ್ ಮಾಡುವಾಗ ಅಲ್ಲಿ ಇನ್ನೂ 7:30, "ಇಷ್ಟು ಬೇಗ ಹುಡುಗನನ್ನು ಯಾಕೆ ಕಟ್ಟಿ ಹಾಕ್ತೀ" ಅಂತ ಅವನೆದುರೇ ಹೇಳಿದ್ರೆ ನನ್ನ ಮೆಸೇಜಿಗೆ ಬೆಲೆ ಇಲ್ಲ. ಅವರು ಒಂದೇ ಕಡೆ ತಿದ್ದಿದ್ರು. ನಾನು ಹೇಳದೆ ಲೇಟಾದ್ರೆ ಒಂದು ತಿಂಗಳು ಟರ್ಫ್ ಬಂದ್ ಅಂತ ಬರ್ದಿದ್ದೆ. "ಒಂದು ತಿಂಗಳು ನಿನ್ನಿಂದ ನಡೆಸ್ಲಿಕ್ಕಾಗುದಿಲ್ಲ, ಎರಡನೇ ವಾರಕ್ಕೆ ನೀನೇ ಬಿಡ್ತೀ, ಮತ್ತೆ ಅವನು ನಿನ್ನ ಯಾವ ಮಾತನ್ನೂ ನಂಬುದಿಲ್ಲ. ಒಂದು ಶನಿವಾರ ಅಂತ ಮಾಡು" ಅಂದ್ರು. ಅವರು ಹೇಳಿದ್ದು ಸರಿ ಅಂತ ಕಂಡಿತು.

ಕೊನೆಗೆ ಕಳ್ಸಿದ್ದು ಇದು, ಆದಿತ್ಯವಾರ ಬೆಳಿಗ್ಗೆ, ಅವನು ತಿಂಡಿ ತಿಂದು ಆರಾಮಲ್ಲಿ ಇರುವಾಗ:

"ಮಗಾ, ಇದು ಬೈಲಿಕ್ಕೆ ಬರೆದದ್ದಲ್ಲ, ನಿಧಾನಕ್ಕೆ ಓದು. ಶಾಲೆ ಇರುವ ದಿನ 7:30ಕ್ಕೆ ನೀನು ಗೇಟಿನ ಒಳಗೆ ಇರ್ಬೇಕು. ಇದ್ರಲ್ಲಿ ಚರ್ಚೆ ಇಲ್ಲ. 6:40ರ ಬಸ್ಸಿಗೆ ಹತ್ತಿದ್ರೆ ಸಂಕ ದಾಟುವಾಗ ಇನ್ನೂ ಚೂರು ಬೆಳಕಿರ್ತದೆ, ಅದಕ್ಕೆ ಈ ಟೈಮ್. ಬಸ್ ತಪ್ಪಿದ್ರೆ, ಆಟ ಉದ್ದ ಹೋದ್ರೆ 7 ಗಂಟೆ ಒಳಗೆ 'ಲೇಟ್' ಅಂತ ಒಂದು ಶಬ್ದ ಹಾಕು, ಸಾಕು. ಯಾಕೆ ಎಂತ ಅಂತ ನಾನು ಆಗ ಕೇಳುದಿಲ್ಲ. ನೀನು ಎಲ್ಲಿದ್ರೂ, ಗಂಟೆ ಎಷ್ಟಾದ್ರೂ ರಿಕ್ಷಾ ತೆಕ್ಕೊಂಡು ನಾನೇ ಬರ್ತೇನೆ, ದಾರಿಯಲ್ಲಿ ಒಂದು ಮಾತೂ ಬೈಯುದಿಲ್ಲ. ಫ್ರೆಂಡಿನ ಬೈಕಲ್ಲಿ ಮಾತ್ರ ಬರ್ಬೇಡ. ಹೇಳದೆ ಲೇಟಾದ್ರೆ ಆ ವಾರದ ಶನಿವಾರ ಟರ್ಫ್ ಇಲ್ಲ. ಒಂದೇ ಶನಿವಾರ, ಮತ್ತೆ ಆ ವಿಷಯ ನಾನು ಎತ್ತುದಿಲ್ಲ. ನೀನು ಬರುವವರೆಗೆ ಅಜ್ಜಿ ಜಗಲಿಯಿಂದ ಏಳುದಿಲ್ಲ, ನನಗೆ ಅನ್ನ ಇಳಿಯುದಿಲ್ಲ. ನೀನು ಒಳ್ಳೆ ಹುಡುಗ ಅಂತ ನನಗೆ ಗೊತ್ತುಂಟು, ನನಗೆ ಹೆದರಿಕೆ ಆ ದಾರಿದ್ದು. ಟೈಮ್ ಸರಿ ಇಲ್ಲ ಅಂತ ಕಂಡ್ರೆ ಯಾವ ಆದಿತ್ಯವಾರ ಆದ್ರೂ ಹೇಳು, ಕೂತು ಮಾತಾಡುವ. ಅಮ್ಮ."

ಬೈಕಿನ ಸಾಲು ಹಾಕಿದ್ದಕ್ಕೆ ಕಾರಣ ಉಂಟು. ಆ ಗುಂಪಿನಲ್ಲಿ ಯಾರಿಗೂ 18 ಆಗಿಲ್ಲ. 2019ರ ತಿದ್ದುಪಡಿ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, ಮೈನರ್ ಹುಡುಗ ಗಾಡಿ ಬಿಟ್ಟು ಕೇಸಾದ್ರೆ ಅವನ ತಂದೆ ತಾಯಿಗೆ ಅಥವಾ ಗಾಡಿಯ ಓನರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ ಉಂಟು. ಇದನ್ನು ಮೆಸೇಜಲ್ಲಿ ಬರೀಲಿಲ್ಲ, ಬರೆದ್ರೆ ಅದು ಹೆದರಿಸುವ ಮೆಸೇಜ್ ಆಗ್ತದೆ. ಅವನು ಬಂದು ಕೇಳಿದಾಗ ಬಾಯಲ್ಲಿ ಹೇಳಿದೆ.

ಅವನು ಮೆಸೇಜ್ ನೋಡಿದ್ದಾನೆ ಅಂತ ನೀಲಿ ಗೆರೆ ಬಂತು, ಉತ್ತರ ಇಲ್ಲ. ಮಧ್ಯಾಹ್ನ ಆಯ್ತು, ಇಲ್ಲ. ಕೇಳ್ಬೇಕು ಅಂತ ನಾಲಿಗೆ ತುದಿಗೆ ಬಂದದ್ದನ್ನು ತಡ್ಕೊಂಡೆ. ಸಂಜೆ ಚಾಯ ಕುಡಿಯುವಾಗ "ದಾರಿಯಲ್ಲಿ ಬೈಯುದಿಲ್ಲ ಅಂದ್ರೆ ಮನೆಗೆ ಬಂದು ಬೈತೀಯ?" ಅಂತ ಕೇಳಿದ. ಅವನ ಕಣ್ಣಿಗೆ ಬಿದ್ದದ್ದು ಅದೇ. "ಆ ರಾತ್ರಿ ಇಲ್ಲ, ಕೇಳ್ಲಿಕ್ಕಿದ್ರೆ ಮರುದಿನ ಕೇಳ್ತೇನೆ" ಅಂದೆ. "ಹಾಂ" ಅಂದ, ಅಷ್ಟೇ.

ಮೂರನೇ ವಾರ ಬುಧವಾರ 8:05ಕ್ಕೆ ಬಂದ, ಮೆಸೇಜ್ ಇಲ್ಲ. ಮರೆತದ್ದು ಅಂತ ಮುಖ ನೋಡುವಾಗ್ಲೇ ಗೊತ್ತಾಯ್ತು, ಸುಳ್ಳು ಹೇಳ್ಲಿಲ್ಲ. ನಾನು ಊಟ ಬಡಿಸಿದೆ, "ಶನಿವಾರ" ಅಂತ ಒಂದೇ ಶಬ್ದ ಹೇಳಿದೆ. ಶನಿವಾರ ಅವನು ಕೋಣೆಯ ಬಾಗಿಲು ಹಾಕ್ಕೊಂಡು ಕೂತ, ಅತ್ತೆ ಎರಡು ಸಲ ಬಂದು "ಈ ಒಂದು ಸಲ ಬಿಡು ಮಗಳೇ" ಅಂದ್ರು. ನನಗೂ ಕರುಳು ಚುರ್ ಅಂದಿದೆ, ಆದ್ರೆ ಬಿಡ್ಲಿಲ್ಲ. ಆದಿತ್ಯವಾರ ಬೆಳಿಗ್ಗೆ ಆ ವಿಷಯ ಪುನಃ ಎತ್ತಲೂ ಇಲ್ಲ. ಬಿಡದೆ ಇರುದಕ್ಕಿಂತ ಆ ಎರಡನೇದ್ದು ನನಗೆ ಕಷ್ಟ ಆದದ್ದು, ಯಾಕಂದ್ರೆ ನಮ್ಮ ಬಾಯಿಗೆ "ಆ ದಿನವೂ ಹೀಗೇ ಮಾಡಿದ್ದಿ" ಅಂತ ಹೇಳಿ ಅಭ್ಯಾಸ ಆಗಿರ್ತದೆ.

ಎಲ್ಲಿದ್ದಾನೆ ಅಂತ ಮೊಬೈಲಲ್ಲಿ ಕಾಣುವ ಹಾಗೆ ಲೊಕೇಶನ್ ಹಾಕಿಸು ಅಂತ ಒಬ್ರು ಹೇಳಿದ್ರು. ನನಗೆ ಮನಸ್ಸಾಗ್ಲಿಲ್ಲ. ನನ್ನ ತಂಗಿ ಬಿಎಡ್ ಮಾಡುವಾಗ ಓದಿದ್ದನ್ನು ಹೇಳಿದ್ಲು: ಸ್ಟಾಟಿನ್ ಮತ್ತು ಕೆರ್ ಅನ್ನುವ ಇಬ್ರು 2000ರಲ್ಲಿ ಸ್ವೀಡನ್ನಿನ 14 ವರ್ಷದ ಮಕ್ಕಳ ಬಗ್ಗೆ ಬರ್ದದ್ದುಂಟಂತೆ, ಮಕ್ಕಳು ಎಲ್ಲಿ ಹೋಗ್ತಾರೆ ಎಂತ ಮಾಡ್ತಾರೆ ಅಂತ ತಂದೆ ತಾಯಿಗೆ ಗೊತ್ತಾಗುದು ಕಾವಲು ಕೂತದ್ರಿಂದ ಅಲ್ಲ, ಹೆಚ್ಚಾಗಿ ಮಕ್ಕಳೇ ಬಂದು ಹೇಳಿದ್ರಿಂದ ಅಂತ. ಅದನ್ನು ಕೇಳಿದಾಗ ನನಗೆ ಆ ಸ್ವಿಚ್ಡ್ ಆಫ್ ಆದ ಫೋನೇ ಕಣ್ಣೆದುರು ಬಂತು. ಫೋನ್ ಆಫ್ ಮಾಡಿದ್ರೆ ಲೊಕೇಶನ್ ಎಲ್ಲಿಂದ ಕಾಣುದು?

ನವೆಂಬರಲ್ಲಿ ನಾನೇ ಟೈಮಿನ ವಿಷಯ ಎತ್ತಿದೆ, ಇನ್ನು ಸ್ವಲ್ಪ ಬೇಗ ಬರ್ಬೇಕು ಅಂತ. ಜುಲೈಯಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವಾಗ 7 ಗಂಟೆ ಹತ್ರ ಆಗ್ತದೆ, ನವೆಂಬರಿಗೆ 6ಕ್ಕೇ ಮುಳುಗ್ತದೆ, ಹಾಗಾದ್ರೆ 6:40ರ ಬಸ್ಸಲ್ಲಿ ಬಂದ್ರೂ ರಬ್ಬರ್ ತೋಟ ಪೂರ್ತಿ ಕತ್ತಲೆ. ಅವನು ಒಪ್ಪಲಿಲ್ಲ, "ಒಮ್ಮೆ 7:30 ಅಂತ ನೀನೇ ಬರ್ದದ್ದು" ಅಂತ ಮೆಸೇಜ್ ತೆಗ್ದು ತೋರಿಸಿದ. ಅದು ನಿಜವೇ. ನಾನು ಕೆಳಗಿನ ಸಾಲು ತೋರಿಸಿದೆ, ಆದಿತ್ಯವಾರ ಮಾತಾಡುವ ಅಂತ ಬರೆದದ್ದು. ಅರ್ಧ ಗಂಟೆ ಎಳೆದಾಡಿ ಕೊನೆಗೆ ಇಷ್ಟಕ್ಕೆ ನಿಂತಿತು: ಟೈಮ್ 7:30 ಹಾಗೇ ಇರ್ಲಿ, ಬ್ಯಾಗಲ್ಲಿ ಟಾರ್ಚ್ ಇರ್ಬೇಕು, ಬಸ್ಸಿಳಿದ ಕೂಡ್ಲೆ ನನಗೆ ಒಂದು ಮಿಸ್ಡ್ ಕಾಲ್, ನಾನು ಸಂಕದವರೆಗೆ ಬರುದು. ಸಂಕದವರೆಗೆ ಮಾತ್ರ, ಬಸ್‌ಸ್ಟಾಪಿಗೆ ಬರ್ಬೇಡ ಅಂತ ಅವನು ಸ್ಪಷ್ಟ ಹೇಳಿದ, ಅಲ್ಲಿ ಫ್ರೆಂಡ್ಸ್ ಇರ್ತಾರೆ. ಆಯ್ತು ಅಂದೆ.

ಜನವರಿಯಲ್ಲಿ ಒಂದು ರಾತ್ರಿ 7:50ಕ್ಕೆ ಅವನದ್ದೇ ಫೋನ್ ಬಂತು. "ಅಮ್ಮಾ, ಲೇಟ್. ಬಸ್ ಹೋಯ್ತು." 7 ಗಂಟೆ ದಾಟಿತ್ತು, ಲೆಕ್ಕ ಹಾಕಿದ್ರೆ ಅದೂ ಹೇಳದೆ ಲೇಟಾದ ಹಾಗೆಯೇ, ಆದ್ರೆ ನಾನು ಗಡಿಯಾರ ನೋಡ್ಲಿಕ್ಕೆ ಹೋಗ್ಲಿಲ್ಲ. ನೆರೆಮನೆಯ ರಿಕ್ಷಾದಲ್ಲಿ ಹೋದೆ. ಮುಚ್ಚಿದ ಅಂಗಡಿಯ ಮೆಟ್ಟಲಲ್ಲಿ ಒಬ್ನೇ ಕೂತಿದ್ದ, ಮೊಣಕಾಲಲ್ಲಿ ತರಚಿದ ಗಾಯ, ಕಣ್ಣು ಕೆಂಪಾಗಿತ್ತು. ಎಂತಾಯ್ತು ಅಂತ ಕೇಳ್ಲಿಕ್ಕೆ ಬಾಯಿ ತೆರ್ದವಳು ಮುಚ್ಚಿದೆ. ಮಾತು ಕೊಟ್ಟಿದ್ದೆ ಅಲ್ವಾ. ರಿಕ್ಷಾದಲ್ಲಿ ಅವನ ಬ್ಯಾಗ್ ನನ್ನ ತೊಡೆ ಮೇಲೆ ಇಟ್ಕೊಂಡೆ, ಇಬ್ರೂ ಸುಮ್ನೆ ಕೂತು ಬಂದೆವು, ಅತ್ತೆ ಜಗಲಿಯಿಂದ ಎದ್ದು ಬಿಸಿನೀರು ಕಾಯಿಸ್ಲಿಕ್ಕೆ ಹೋದ್ರು.

ಬೆಳಿಗ್ಗೆ ನಾನು ನೀರ್ದೋಸೆ ಹೊಯ್ಯುವಾಗ ಅವನು ಬಂದು ಒಲೆ ಹತ್ರ ಮಣೆ ಎಳೆದು ಕೂತ. ಎರಡು ದೋಸೆ ತಿಂದ ಮೇಲೆ, ತಟ್ಟೆ ನೋಡ್ಕೊಂಡೇ, "ಅಮ್ಮಾ, ನಿನ್ನೆ ಎಂತಾಯ್ತು ಗೊತ್ತುಂಟಾ" ಅಂತ ಸುರು ಮಾಡಿದ. ನಾನು ಒಲೆಯ ಬೆಂಕಿ ಸಣ್ಣ ಮಾಡಿ ಅವನ ಹತ್ರ ಕೂತೆ.